ಗುಡ್ಡದ ಇಳಿಜಾರಿನಲ್ಲಿ 120 ಸಸಿ ನೆಡಲು ಸ್ವಯಂಸೇವಕರು ಬೇಕಾಗಿದ್ದಾರೆ: ಜುಲೈ ಎರಡನೇ ಭಾನುವಾರ, ಧಾರವಾಡ

ಪರಿಸರ ಸಂಘದ ಸಂಚಾಲಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಹಿಂಬದಿಯ ಗುಡ್ಡದ ಇಳಿಜಾರಿನಲ್ಲಿ ಈ ವರ್ಷ ಪುನರ್ವಸು ಮಳೆಯ ಹೊತ್ತಿಗೆ, ಅಂದರೆ ಜುಲೈ ಎರಡನೇ ಭಾನುವಾರ, 120 ಸಸಿಗಳನ್ನು ನೆಡಬೇಕೆಂದು ಸಂಘವು ತೀರ್ಮಾನಿಸಿದೆ. ಹೊಂಗೆ, ನೇರಳೆ, ಹುಣಸೆ, ಕಕ್ಕೆ ಮತ್ತು ಬಿಲ್ವಪತ್ರಿಯ ಸಸಿಗಳನ್ನು ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಿಂದ ತರಲಿದ್ದೇವೆ. ಎಲ್ಲವೂ ಎಂಟು ಅಂಗುಲ ಅಗಲ, ಹನ್ನೆರಡು ಅಂಗುಲ ಎತ್ತರದ ಚೀಲದಲ್ಲಿ ಬೆಳೆದವು.

ಕೆಲಸ ಹಂಚಿಕೊಳ್ಳುವ ಮೊದಲು ಕಳೆದ ವರ್ಷದ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಹೋದ ಮಳೆಗಾಲದಲ್ಲಿ ನಾವು ಇದೇ ಗುಡ್ಡದ ಪೂರ್ವದ ಬದಿಗೆ 150 ಸಸಿ ನೆಟ್ಟಿದ್ದೆವು. ಈ ಮೇ ತಿಂಗಳಿನಲ್ಲಿ ಒಂದೊಂದರ ಬಳಿಯೂ ನಿಂತು ಎಣಿಸಿದಾಗ ಜೀವ ಇದ್ದವು 41 ಮಾತ್ರ. ಒಣಗಿದ ಸಸಿಗಳಲ್ಲಿ ಇಪ್ಪತ್ತನ್ನು ಕಿತ್ತು ನೋಡಿದೆವು. ಏಳರಲ್ಲಿ ಪ್ಲಾಸ್ಟಿಕ್ ಚೀಲದ ತಳ ಹಾಗೆಯೇ ಉಳಿದಿತ್ತು. ಬೇರುಗಳು ಹೊರಗೆ ಹೋಗಲಾರದೆ ಚೀಲದ ಆಕಾರದಲ್ಲಿಯೇ ಸುತ್ತಿ ಸುತ್ತಿ ಸಿಂಬೆಯಂತಾಗಿದ್ದವು. ಉಳಿದ ಬಹುಪಾಲು ನೀರಿಲ್ಲದೆ ಒಣಗಿದ್ದವು. ನೆಡುವ ದಿನ ನಮ್ಮೊಂದಿಗೆ ತೊಂಬತ್ತು ಜನರಿದ್ದರು, ಮಾರ್ಚ್ ತಿಂಗಳ ಮೊದಲ ಭಾನುವಾರ ನೀರು ಹಾಕಲು ಬಂದವರು ನಾಲ್ವರು. ಆದುದರಿಂದ ಈ ಸಲ ನೆಡುವ ದಿನಕ್ಕಿಂತ ಅದರ ಹಿಂದಿನ ಮತ್ತು ಮುಂದಿನ ದಿನಗಳಿಗೆ ಜನರನ್ನು ಕೇಳುತ್ತಿದ್ದೇವೆ.

ಮೊದಲನೆಯದಾಗಿ ಗುಂಡಿ ತೋಡುವವರು ಬೇಕು. ಜೂನ್ ಕೊನೆಯ ಶನಿವಾರ ಮತ್ತು ಜುಲೈ ಮೊದಲ ಶನಿವಾರ ಬೆಳಿಗ್ಗೆ 6:30ರಿಂದ 9:30ರವರೆಗೆ ಈ ಕೆಲಸ ನಡೆಯುತ್ತದೆ. ಇಲ್ಲಿಯದು ಮಸಾರಿ ಮಣ್ಣು, ಒಂದು ಅಡಿಯ ಕೆಳಗೆ ಗಟ್ಟಿ ಗರಸು ಸಿಗುತ್ತದೆ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿಯನ್ನು ಇಬ್ಬರು ಸೇರಿ ತೋಡಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಹದಿನೈದು ಜೋಡಿಗಳು ಬಂದರೆ ಒಂದು ಬೆಳಿಗ್ಗೆಗೆ 60 ಗುಂಡಿಗಳಾಗುತ್ತವೆ, ಎರಡು ಶನಿವಾರಕ್ಕೆ 120. ಮೂವತ್ತು ಜನರಿಗಿಂತ ಕಡಿಮೆಯಾದರೆ ಭಾನುವಾರ ಸಸಿ ಕೈಯಲ್ಲಿ ಹಿಡಿದುಕೊಂಡು ಗುಂಡಿ ತೋಡಬೇಕಾಗುತ್ತದೆ. ಹಾಗೆ ಅವಸರದಲ್ಲಿ ತೋಡಿದ ಗುಂಡಿ ಯಾವಾಗಲೂ ಅಂಗೈ ಆಳದಲ್ಲೇ ನಿಂತುಬಿಡುತ್ತದೆ.

ನೆಡುವ ಭಾನುವಾರ ಎರಡು ಪಾಳಿಗಳಿವೆ: ಬೆಳಿಗ್ಗೆ 6:30ರಿಂದ 9 ಗಂಟೆ, ಮತ್ತು 9ರಿಂದ 11:30. ಒದ್ದೆ ಮಣ್ಣು ತುಂಬಿದ ಸಸಿಯೊಂದು ಸುಮಾರು ಐದು ಕಿಲೊ ತೂಗುತ್ತದೆ, ವಾಹನವು ಗುಡ್ಡದ ಬುಡದವರೆಗೆ ಮಾತ್ರ ಬರುತ್ತದೆ. ಹಾಗಾಗಿ ಮೊದಲ ಪಾಳಿಯಲ್ಲಿ ಬುಟ್ಟಿಗೆ ಎರಡರಂತೆ ಹೊತ್ತು ಮೇಲೆ ಸಾಗಿಸುವ ಹತ್ತು ಜನರು, ನೆಡುವ ಹದಿನಾರು ಜನರು ಬೇಕು. ಎರಡನೇ ಪಾಳಿಯಲ್ಲಿ ನೆಡುವವರ ಜೊತೆಗೆ ಸಸಿಯ ಸುತ್ತ ಜಾಲಿ ಮುಳ್ಳು ಕಟ್ಟುವ ಎಂಟು ಜನರು ಬೇಕು. ಇವರೆಲ್ಲರ ನಡುವೆ ಒಬ್ಬರು ಕೇವಲ ಚೀಲ ಎಣಿಸುವುದಕ್ಕಾಗಿ ಇರುತ್ತಾರೆ. 120 ಸಸಿ ನೆಟ್ಟ ಮೇಲೆ 120 ಖಾಲಿ ಚೀಲಗಳು, ತಳಸಹಿತ, ಅವರ ಗೋಣಿಯಲ್ಲಿ ಇರಬೇಕು. ಒಂದು ಕಡಿಮೆಯಾದರೂ ಹುಡುಕದೆ ಯಾರೂ ಕೆಳಗಿಳಿಯುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದವರು ನೀರಿನವರು. ಜನವರಿಯಿಂದ ಮೇ ಕೊನೆಯವರೆಗೆ ಭಾನುವಾರ ಬೆಳಿಗ್ಗೆ 6:30ರಿಂದ 8ರವರೆಗೆ ಪ್ರತಿ ಸಸಿಗೂ ಹತ್ತು ಲೀಟರ್ ನೀರು ಹಾಕಬೇಕು. ಹನ್ನೆರಡು ಜನರಿದ್ದರೆ ತಲಾ ಹತ್ತು ಸಸಿ. ಎರಡೂ ಕೈಯಲ್ಲಿ ಒಂದೊಂದು ಬಕೆಟ್ ಹಿಡಿದರೆ ಐದು ಸಲ ಏರಿ ಇಳಿದರೆ ಮುಗಿಯಿತು. ನಾಲ್ವರಿದ್ದರೆ ಹದಿನೈದು ಸಲ ಏರಬೇಕು. ಕಳೆದ ವರ್ಷ ಆದದ್ದು ಅದೇ.

ತರಬೇಕಾದವು ಹೆಚ್ಚೇನಿಲ್ಲ: ದಪ್ಪ ತಳದ ಮುಚ್ಚಿದ ಬೂಟು, ತುಂಬು ತೋಳಿನ ಹಳೆಯ ಅಂಗಿ, ಕೈಗವಸು, ಟೋಪಿ, ಕುಡಿಯುವ ನೀರಿನ ಬಾಟಲಿ. ಕೊಡೆ ಬೇಡ, ಎರಡೂ ಕೈಗೆ ಕೆಲಸವಿರುವುದರಿಂದ ಮಳೆ ಅಂಗಿ ತನ್ನಿ. ಮನೆಯಲ್ಲಿ ಗುದ್ದಲಿ, ಸಲಿಕೆ ಅಥವಾ ಹಾರೆ ಇದ್ದವರು ಹಿಡಿಯ ಮೇಲೆ ಹೆಸರು ಬರೆದು ತರಬೇಕೆಂದು ಕೋರುತ್ತೇವೆ. ಬ್ಲೇಡನ್ನು ಮಾತ್ರ ಯಾರೂ ತರಬಾರದು. ಚೀಲ ಸೀಳುವ ಬ್ಲೇಡುಗಳು ಸಂಘದಲ್ಲಿಯೇ ಇವೆ, ಎಣಿಸಿ ಕೊಟ್ಟು ಎಣಿಸಿ ಹಿಂದೆ ಪಡೆಯುತ್ತೇವೆ. ಹೆಸರು, ಪಾಳಿ ಮತ್ತು ಕೆಲಸವನ್ನು ಇಲ್ಲಿಯೇ ಕೆಳಗೆ ಬರೆಯಿರಿ.

ದ್ವಿತೀಯ ವರ್ಷದ ವಾಣಿಜ್ಯ ವಿದ್ಯಾರ್ಥಿ

ನಾನು ಎರಡೂ ಶನಿವಾರ ಗುಂಡಿಯ ಕೆಲಸಕ್ಕೆ ಬರುತ್ತೇನೆ, ಮನೆಯಿಂದ ಒಂದು ಹಾರೆಯನ್ನೂ ತರುತ್ತೇನೆ. ಆದರೆ ಎರಡು ಸಲಹೆಗಳಿವೆ, ಅಕ್ಕ. ಮೊದಲನೆಯದು, ಇಷ್ಟು ಚಿಕ್ಕ ಸಸಿಗಳ ಬದಲು ಹದಿನಾಲ್ಕು-ಇಪ್ಪತ್ತು ಅಂಗುಲದ ದೊಡ್ಡ ಚೀಲದ, ಆಳೆತ್ತರದ ಸಸಿಗಳನ್ನು ತಂದರೆ ಮೇಕೆಯ ಬಾಯಿಗೆ ತುದಿ ಸಿಗುವುದಿಲ್ಲ, ಮುಳ್ಳು ಕಟ್ಟುವ ಕೆಲಸವೇ ತಪ್ಪುತ್ತದೆ. ಎರಡನೆಯದು, ಟ್ರ್ಯಾಕ್ಟರಿಗೆ ಜೋಡಿಸುವ ಗುಂಡಿ ತೋಡುವ ಯಂತ್ರ ಬಾಡಿಗೆಗೆ ಸಿಗುತ್ತದೆ. ಅದಕ್ಕೆ ಒಂದು ಗುಂಡಿ ಎರಡು ಮೂರು ನಿಮಿಷದ ಕೆಲಸ. ಮೂವತ್ತು ಜನರನ್ನು ಎರಡು ದಿನ ದುಡಿಸುವ ಅಗತ್ಯವೇನಿದೆ? ಜೊತೆಗೆ ಗುಂಡಿಗೆ ಒಂದು ಬುಟ್ಟಿ ಸಗಣಿ ಮತ್ತು ಒಂದು ಹಿಡಿ ಯೂರಿಯಾ ಹಾಕಿದರೆ ಸಸಿ ಬೇಗ ಏಳುತ್ತದೆ ಎಂದು ನಮ್ಮ ಓಣಿಯಲ್ಲಿ ಹೇಳುತ್ತಾರೆ.

ನಿವೃತ್ತ ಅರಣ್ಯ ರಕ್ಷಕ

ತಮ್ಮಾ, ನಿನ್ನ ಮಾತಿನಲ್ಲಿ ಅರ್ಧ ನಿಜವಿದೆ, ಅದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಎತ್ತರದ ಸಸಿಯ ತುದಿ ಮೇಕೆಗೆ ಎಟುಕುವುದಿಲ್ಲ, ರಸ್ತೆ ಬದಿಯಲ್ಲಿ ಇಲಾಖೆಯವರು ದೊಡ್ಡ ಸಸಿ ನೆಡುವುದಕ್ಕೆ ಅದೂ ಒಂದು ಕಾರಣ. ಆದರೆ ಆ ಚೀಲದಲ್ಲಿ ಹದಿನೆಂಟು ಲೀಟರಿನಷ್ಟು ಮಣ್ಣು ಹಿಡಿಯುತ್ತದೆ, ಒದ್ದೆಯಾದಾಗ ಇಪ್ಪತ್ತು ಇಪ್ಪತ್ತೈದು ಕಿಲೊ ತೂಗುತ್ತದೆ. ರಸ್ತೆ ಬದಿಯಾದರೆ ಲಾರಿಯಿಂದ ನೇರವಾಗಿ ಗುಂಡಿಗೆ ಇಳಿಸಬಹುದು. ಗುಡ್ಡದ ಮೇಲೆ ಹೊತ್ತೊಯ್ಯುವಾಗ ಯಾರಾದರೂ ಕಾಂಡ ಹಿಡಿದು ಎತ್ತುತ್ತಾರೆ, ಒಳಗಿನ ಮಣ್ಣಿನ ಹೆಂಟೆ ಒಡೆದು ಸಣ್ಣ ಬೇರುಗಳೆಲ್ಲ ಹರಿಯುತ್ತವೆ. ಮೇಲೆ ಹಸಿರಾಗಿಯೇ ಕಾಣುವ ಗಿಡ ಹದಿನೈದು ದಿನದಲ್ಲಿ ಎಲೆ ಉದುರಿಸಿದಾಗ ತಿಳಿಯುತ್ತದೆ. ಅಲ್ಲದೆ ಅಷ್ಟು ಎಲೆ ಹೊತ್ತ ಗಿಡಕ್ಕೆ ಮೊದಲ ಬೇಸಿಗೆಯಲ್ಲಿ ನೀರು ಹೆಚ್ಚು ಬೇಕು, ನಿಮ್ಮಲ್ಲಿ ಕೊರತೆಯಿರುವುದೇ ಅದಕ್ಕೆ. ಮಸಾರಿ ಇಳಿಜಾರಿಗೆ ಎರಡು ಎರಡೂವರೆ ಅಡಿಯ, ಬುಡ ಹೆಬ್ಬೆರಳಿನಷ್ಟು ಗಟ್ಟಿಯಾದ ಸಸಿಯೇ ಸರಿ. ಚಿಕ್ಕ ಚೀಲದಲ್ಲಿ ಹೆಚ್ಚು ಕಾಲ ನಿಂತು ಎತ್ತರವಾದುದನ್ನು ಮಾತ್ರ ತರಬೇಡಿ. ಚೀಲದ ತಳದ ತೂತಿನಿಂದ ದಪ್ಪ ಬೇರು ಹೊರಬಂದು ನೆಲಕ್ಕಿಳಿದಿದ್ದರೆ ಅದು ಹಳೆಯ ಸಸಿ ಎಂದು ತಿಳಿಯಿರಿ.

ಯಂತ್ರದ ಬಗ್ಗೆ ನನಗೆ ವಿರೋಧವಿಲ್ಲ. ಎರೆ ಮಣ್ಣು ಹಸಿಯಾಗಿದ್ದಾಗ ಯಂತ್ರ ತೋಡಿದರೆ ಗುಂಡಿಯ ಗೋಡೆ ಸಾರಿಸಿದಂತೆ ನುಣುಪಾಗಿ, ಬೇರು ಅದನ್ನು ದಾಟದೆ ಒಳಗೇ ಸುತ್ತುತ್ತದೆ. ಗರಸಿನಲ್ಲಿ ಆ ಕಾಟ ಕಡಿಮೆ. ಆದರೆ ಒದ್ದೆ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವುದು ಅಪಾಯ. ಬುಡದ ಸಮತಟ್ಟಾದ ಸಾಲಿಗೆ ಬೇಕಾದರೆ ಬಳಸಿಕೊಳ್ಳಿ.

ಯೂರಿಯಾ ಬೇಡವೇ ಬೇಡ, ಎಳೆಯ ಬೇರು ಸುಡುತ್ತದೆ. ಹಸಿ ಸಗಣಿಯೂ ಬೇಡ, ಅದು ಗೆದ್ದಲನ್ನೂ ಗೊಣ್ಣೆ ಹುಳುವನ್ನೂ ಕರೆಯುತ್ತದೆ. ಪೂರ್ತಿ ಕಳಿತು ಪುಡಿಯಾದ, ವಾಸನೆ ಇಲ್ಲದ ತಿಪ್ಪೆಗೊಬ್ಬರ ಎರಡು ಬೊಗಸೆ ಮತ್ತು ಬೇವಿನ ಹಿಂಡಿ ಒಂದು ಹಿಡಿ ಸಾಕು.

ದ್ವಿತೀಯ ವರ್ಷದ ವಾಣಿಜ್ಯ ವಿದ್ಯಾರ್ಥಿ

ತೂಕದ ಲೆಕ್ಕ ನನಗೆ ಹೊಳೆದಿರಲಿಲ್ಲ, ಕಾಕಾ. ಬುಡದ ಸಾಲಿಗೆ ಯಂತ್ರ ಸಿಗುವುದೇ ಎಂದು ವಿಚಾರಿಸುತ್ತೇನೆ. ಶನಿವಾರ ಹೇಗೂ ಬರುತ್ತೇನೆ.

ಕಲಘಟಗಿ ಕಡೆಯ ರೈತ

ಸಂಘದವರಿಗೆ ನಮಸ್ಕಾರ. ಸಸಿಗಳನ್ನು ಹಂಚುವ ಸುದ್ದಿ ತಿಳಿದು ಸಂತೋಷವಾಯಿತು. ನನ್ನ ನಾಲ್ಕು ಎಕರೆಯ ಬದುವಿನ ಮೇಲೆ ನೆಡಲು 60 ತೇಗದ ಸಸಿ ಮತ್ತು ಹತ್ತು ಕಸಿ ಮಾವು ಬೇಕಾಗಿತ್ತು. ಭಾನುವಾರ ಎಷ್ಟು ಗಂಟೆಗೆ ಬಂದರೆ ಸಿಗುತ್ತವೆ, ಪಹಣಿ ಪತ್ರ ತರಬೇಕೇ?

ಪರಿಸರ ಸಂಘದ ಸಂಚಾಲಕಿ

ಅಣ್ಣಾ, ಕ್ಷಮಿಸಬೇಕು, ನಾವು ಸಸಿ ಹಂಚುತ್ತಿಲ್ಲ. ಕಾಲೇಜಿನ ಜಾಗದಲ್ಲಿ ನೆಡಲು ಕೈಜೋಡಿಸುವವರನ್ನು ಕೇಳುತ್ತಿದ್ದೇವೆ.

ನಿವೃತ್ತ ಅರಣ್ಯ ರಕ್ಷಕ

ನಿಮಗೆ ಬೇಕಾದದ್ದು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಪಹಣಿಯನ್ನು ತೆಗೆದುಕೊಂಡು ನಿಮ್ಮ ವಲಯ ಅರಣ್ಯ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿದರೆ ರಿಯಾಯಿತಿ ದರದಲ್ಲಿ ಸಸಿ ಸಿಗುತ್ತದೆ, ಮುಂದೆ ಮೂರು ವರ್ಷ ಬದುಕುಳಿದ ಸಸಿಗಳ ಲೆಕ್ಕಕ್ಕೆ ತಕ್ಕಂತೆ ಪ್ರೋತ್ಸಾಹಧನ ಬರುತ್ತದೆ. ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ ಹಣ ಕೊಡುವ ಆ ಪದ್ಧತಿ ನನಗೆ ಬಹಳ ಸರಿ ಎನಿಸುತ್ತದೆ. ಕಸಿ ಮಾವಿಗೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಹಕ್ಕಿ ನೋಡುವ ಹಳೆಯ ವಿದ್ಯಾರ್ಥಿ

ನಾನು ಈ ಕಾಲೇಜಿನಲ್ಲಿಯೇ ಓದಿದವನು, ಆ ಗುಡ್ಡವನ್ನು ಹತ್ತು ವರ್ಷದಿಂದ ಬಲ್ಲೆ. ಇಳಿಜಾರಿನ ಕೆಳಗಿನ ಅರ್ಧದಲ್ಲಿ ಹಿಂದೆ ಮರಗಳಿದ್ದವು, ಕಡಿದ ಬೊಡ್ಡೆಗಳು ಈಗಲೂ ಕಾಣುತ್ತವೆ. ಆದರೆ ನೆತ್ತಿಯ ಮೇಲಿನದು ಹುಲ್ಲುಗಾವಲು, ಅಲ್ಲಿ ಮರ ಇರಲೇ ಇಲ್ಲ. ಟಿಟ್ಟಿಭವೂ ನೆಲಗುಬ್ಬಿಗಳೂ ಅಲ್ಲಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಹೋದ ವರ್ಷ ಮೇ ಕೊನೆಯಲ್ಲಿ ನೆತ್ತಿಯ ಕಲ್ಲುಗಳ ನಡುವೆ ಟಿಟ್ಟಿಭದ ನಾಲ್ಕು ಮೊಟ್ಟೆಗಳನ್ನು ನಾನೇ ಕಂಡಿದ್ದೆ. ಕಲ್ಲಿನ ಬಣ್ಣಕ್ಕೆ ಎಷ್ಟು ಹೊಂದಿಕೊಂಡಿದ್ದವೆಂದರೆ, ತಾಯಿ ಹಕ್ಕಿ ಕೂಗಿ ಮೇಲೇಳದಿದ್ದರೆ ಕಾಲಿಟ್ಟೇ ಬಿಡುತ್ತಿದ್ದೆ. ಅಲ್ಲಿ ಮರಗಳೆದ್ದರೆ ಮೊಟ್ಟೆ ಕದಿಯುವ ಕಾಗೆಗೆ ಕುಳಿತು ನೋಡುವ ಜಾಗವಾಗುತ್ತದೆ, ನೆರಳಿನಿಂದ ಹುಲ್ಲೂ ಬದಲಾಗುತ್ತದೆ. ನೆತ್ತಿಯನ್ನು ಹಾಗೆಯೇ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ.

ನಿವೃತ್ತ ಅರಣ್ಯ ರಕ್ಷಕ

ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಾನು ಕೆಲಸಕ್ಕೆ ಸೇರಿದ ದಿನಗಳಲ್ಲಿ ಇಂಥ ನೆತ್ತಿಗಳ ಮೇಲೂ ಅಲ್ಲೊಂದು ಇಲ್ಲೊಂದು ದಿಂಡಿಗ, ಕಕ್ಕೆ ಇರುತ್ತಿದ್ದವು, ಸೌದೆಗಾಗಿ ಕಡಿದು ಬರಿದಾದವು. ಈಗಿರುವುದೆಲ್ಲ ಆದಿಯಿಂದಲೂ ಹುಲ್ಲೇ ಎಂದು ಹೇಳುವುದು ಕಷ್ಟ. ಆದರೆ ನೆತ್ತಿಯಲ್ಲಿ ಮಣ್ಣು ಗೇಣುದ್ದ ಮಾತ್ರ ಇರುವುದರಿಂದ, ಅಲ್ಲಿ ನೆಟ್ಟ ಸಸಿ ಬದುಕುವುದು ಅನುಮಾನವೆಂಬ ಕಾರಣಕ್ಕೆ ಬಿಡುವುದಾದರೆ ನನ್ನ ತಕರಾರಿಲ್ಲ.

ಪರಿಸರ ಸಂಘದ ಸಂಚಾಲಕಿ

ನಿನ್ನೆ ಸಂಜೆ ನಾವು ಐವರು ಗುಡ್ಡ ಹತ್ತಿ ನೋಡಿ ಬಂದೆವು. ನೆತ್ತಿಯ ಎರಡು ಸಾಲುಗಳ 24 ಗುರುತುಗಳಲ್ಲಿ ಹಾರೆ ಹಾಕಿದರೆ ಒಂದು ಗೇಣಿಗೇ ಬಂಡೆ ಠಣ್ ಎನ್ನುತ್ತದೆ. ಆ ಸಾಲುಗಳನ್ನು ಈ ವರ್ಷ ಕೈಬಿಟ್ಟಿದ್ದೇವೆ. ಮುಂದಿನ ವರ್ಷದ ಮಾತನ್ನು ಹಿರಿಯರಿಬ್ಬರೂ ಒಟ್ಟಿಗೆ ಗುಡ್ಡದ ಮೇಲೆ ನಿಂತು ಚರ್ಚಿಸಿದ ನಂತರ ನೋಡೋಣ. ಆದ್ದರಿಂದ ಈಗ ಸಸಿಗಳ ಸಂಖ್ಯೆ 96. ಗೋಣಿಗೆ ಬರಬೇಕಾದ ಚೀಲಗಳೂ 96.

ಇನ್ನೊಂದು ಬದಲಾವಣೆಯಿದೆ. ದಿನವೂ ನಲವತ್ತು ಮೇಕೆಗಳನ್ನು ಆ ದಾರಿಯಲ್ಲಿ ಕೆರೆಗೆ ಹೊಡೆದುಕೊಂಡು ಹೋಗುವ ಅಜ್ಜನನ್ನು ಮಾತನಾಡಿಸಿದೆವು. ಕಳೆದ ವರ್ಷ ನಾವು ಅವರನ್ನು ಕೇಳದೆಯೇ ಅವರ ಕಾಲುದಾರಿಗೆ ಅಡ್ಡವಾಗಿ ಸಸಿ ನೆಟ್ಟಿದ್ದೆವು. ಮೇಕೆಗಳು ತಾವು ನಡೆಯುವ ದಾರಿಯಲ್ಲಿ ಸಿಕ್ಕಿದ್ದನ್ನು ತಿಂದವು; ತಪ್ಪು ನಮ್ಮದೇ. ಕೆರೆಯ ಕಡೆಗೆ ಹತ್ತು ಅಡಿ ಅಗಲದ ದಾರಿ ಬಿಟ್ಟರೆ ಮೇಕೆಗಳನ್ನು ಅದರಲ್ಲಿಯೇ ನಡೆಸುವುದಾಗಿ ಹೇಳಿದ್ದಾರೆ. ದಾರಿಯ ಇಕ್ಕೆಲದಲ್ಲಿ ಮೇಕೆ ಇಷ್ಟಪಡದ ಹೊಂಗೆ ಮತ್ತು ಕಕ್ಕೆಯನ್ನೂ, ಹುಣಸೆಯನ್ನು ದೂರದ ಸಾಲಿನಲ್ಲಿಯೂ ನೆಡುತ್ತೇವೆ. ಮುಳ್ಳು ಕಟ್ಟುವ ಕೆಲಸ ಮಾತ್ರ ಎಲ್ಲ ಸಸಿಗಳಿಗೂ ಇರುತ್ತದೆ.

ಪ್ರಥಮ ವರ್ಷದ ವಿಜ್ಞಾನ ವಿದ್ಯಾರ್ಥಿನಿ

ನಾನು ಮತ್ತು ನನ್ನ ವಸತಿನಿಲಯದ ಮೂವರು ಗೆಳತಿಯರು ಭಾನುವಾರದ ಮೊದಲ ಪಾಳಿಗೆ ನೆಡಲು ಬರುತ್ತೇವೆ. ನಾವು ಯಾರೂ ಹಿಂದೆ ಸಸಿ ನೆಟ್ಟವರಲ್ಲ. ಅಲ್ಲಿ ನಿಂತಾಗ ಕೈಯಿಂದ ಏನೇನು, ಯಾವ ಕ್ರಮದಲ್ಲಿ ಮಾಡಬೇಕೆಂದು ಯಾರಾದರೂ ಬಿಡಿಸಿ ಹೇಳುವಿರಾ? ನಾವು ನಾಲ್ವರೂ ರಾಷ್ಟ್ರೀಯ ಸೇವಾ ಯೋಜನೆಯಲ್ಲಿದ್ದೇವೆ, ವರ್ಷದ 120 ಗಂಟೆಗಳಲ್ಲಿ ಇದು ಸೇರುತ್ತದೆಯೇ ಎಂಬುದನ್ನೂ ತಿಳಿಸಿ.

ನಿವೃತ್ತ ಅರಣ್ಯ ರಕ್ಷಕ

ಹೇಳುತ್ತೇನೆ, ತಂಗಿ. ಮೊದಲು ಗುಂಡಿಯೊಳಗೆ ಇಣುಕಿ ನೋಡಿ, ಕೈ ಹಾಕಬೇಡಿ. ವಾರದ ಹಿಂದೆ ತೋಡಿದ ಗುಂಡಿಯಲ್ಲಿ ಕಪ್ಪೆ ಬಿದ್ದಿರುತ್ತದೆ, ಕಪ್ಪೆಯ ಹಿಂದೆ ಹಾವೂ ಬಂದಿರಬಹುದು. ಕೋಲಿನಿಂದ ಕೆದಕಿ ಖಾತ್ರಿ ಮಾಡಿಕೊಳ್ಳಿ. ಗುಂಡಿಯ ಪಕ್ಕದಲ್ಲಿ ಎರಡು ಮಣ್ಣಿನ ಗುಡ್ಡೆಗಳಿರುತ್ತವೆ: ಕಪ್ಪಗಿರುವುದು ಮೇಲ್ಮಣ್ಣು, ಕೆಂಪಗೆ ಕಲ್ಲು ಬೆರೆತಿರುವುದು ಕೆಳಗಿನ ಗರಸು. ಮೇಲ್ಮಣ್ಣಿಗೆ ಗೊಬ್ಬರ, ಹಿಂಡಿ ಬೆರೆಸಿ ಅದನ್ನೇ ಮೊದಲು ತಳಕ್ಕೆ ಹಾಕಿ. ಸಸಿಯನ್ನು ಚೀಲದ ಸಮೇತ ಇಳಿಸಿ ಎತ್ತರ ನೋಡಿ. ಚೀಲದ ಮಣ್ಣಿನ ಮಟ್ಟವೂ ನೆಲದ ಮಟ್ಟವೂ ಒಂದೇ ಆಗಬೇಕು. ಆಳವಾದರೆ ಬುಡ ಕೊಳೆಯುತ್ತದೆ, ಮೇಲಾದರೆ ಮೊದಲ ಬಿಸಿಲಿಗೆ ಬೇರು ಒಣಗುತ್ತದೆ. ಆಮೇಲೆ ಹೊರತೆಗೆದು, ಒಬ್ಬರು ಮಣ್ಣಿನ ಹೆಂಟೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಳ್ಳಿ, ಇನ್ನೊಬ್ಬರು ಚೀಲವನ್ನು ಪಕ್ಕದಲ್ಲಿ ಮೇಲಿಂದ ಕೆಳಗೆ ಸೀಳಿ ತಳವನ್ನೂ ಕತ್ತರಿಸಿ ತೆಗೆಯಲಿ. ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಆ ಸುತ್ತನ್ನು ಮಾತ್ರ ಬ್ಲೇಡಿನಿಂದ ಕತ್ತರಿಸಿ ಬಿಡಿ, ಹೆದರಬೇಡಿ. ಇಟ್ಟು ಮಣ್ಣು ತುಂಬುವಾಗ ಅರ್ಧಕ್ಕೊಮ್ಮೆ, ಪೂರ್ತಿಯಾದ ಮೇಲೆ ಒಮ್ಮೆ ಹಿಮ್ಮಡಿಯಿಂದ ಸುತ್ತಲೂ ತುಳಿಯಿರಿ. ಎರಡು ಬೆರಳಿನಲ್ಲಿ ಸಸಿಯ ತುದಿಯ ಎಲೆ ಹಿಡಿದು ಮೆಲ್ಲಗೆ ಎಳೆದಾಗ ಎಲೆ ಹರಿಯಬೇಕೇ ಹೊರತು ಸಸಿ ಅಲುಗಬಾರದು. ಕೊನೆಗೆ ಉಳಿದ ಗರಸಿನಿಂದ ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದಂತೆ ಬದು ಕಟ್ಟಿ. ಮೇಲಿನಿಂದ ಹರಿದುಬರುವ ನೀರು ಅಲ್ಲಿ ನಿಂತು ಇಂಗುತ್ತದೆ.

ಪರಿಸರ ಸಂಘದ ಸಂಚಾಲಕಿ

ನಾಲ್ವರ ಹೆಸರನ್ನೂ ಬರೆದುಕೊಂಡೆವು. ಗಂಟೆಗಳನ್ನು ಲೆಕ್ಕಕ್ಕೆ ಸೇರಿಸುವುದು ನಿಮ್ಮ ಕಾರ್ಯಕ್ರಮಾಧಿಕಾರಿಗಳಿಗೆ ಬಿಟ್ಟದ್ದು. ನಾವು ಕೆಲಸ ಮಾಡಿದ ಗಂಟೆಗಳನ್ನಷ್ಟೇ ಸಹಿ ಮಾಡಿ ಕೊಡಬಲ್ಲೆವು. ಬೇಸಿಗೆಯ ನೀರಿನ ಗಂಟೆಗಳಿಗೂ ಅದೇ ರೀತಿ ಸಹಿ ಮಾಡುತ್ತೇವೆ.

ಗುಡ್ಡದ ಬುಡದ ಓಣಿಯ ನಿವಾಸಿ

ನೀರಿನ ವಿಷಯದಲ್ಲಿ ನಿಮ್ಮ ಪಟ್ಟಿ ಮೇ ತಿಂಗಳಿಗೆ ಬಂದಾಗ ಏನಾಗುತ್ತದೆಂದು ಯೋಚಿಸಿದ್ದೀರಾ? ಆಗ ಪರೀಕ್ಷೆಯೋ ರಜೆಯೋ ಇರುತ್ತದೆ, ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ. ಕಳೆದ ವರ್ಷ ಸಸಿಗಳು ಒಣಗುವುದನ್ನು ನಮ್ಮ ಮಾಳಿಗೆಯಿಂದಲೇ ನೋಡಿ ಸಂಕಟಪಟ್ಟಿದ್ದೇನೆ. ಎರಡು ಸಲ ನಾನೇ ಕೊಡ ಹೊತ್ತು ಹೋಗಿದ್ದೆ, ಆದರೆ ಒಬ್ಬಳಿಂದ ಎಷ್ಟಕ್ಕೆ ಆಗುತ್ತದೆ?

ಪರಿಸರ ಸಂಘದ ಸಂಚಾಲಕಿ

ಅಮ್ಮಾ, ನೀವು ನೀರು ಹಾಕಿದ್ದು ನಮಗೆ ಗೊತ್ತೇ ಇರಲಿಲ್ಲ. ನಿಮ್ಮ ಕಡೆಯ ಸಾಲಿನಲ್ಲಿ ಉಳಿದ ಸಸಿಗಳು ಹೆಚ್ಚು ಏಕೆ ಎಂದು ನಾವು ಎಣಿಸುವಾಗ ಮಾತನಾಡಿಕೊಂಡಿದ್ದೆವು.

ನಮ್ಮ ಯೋಜನೆ ಹೀಗಿದೆ. ನವೆಂಬರಿನಲ್ಲಿ ಒಣಹುಲ್ಲು ಕೊಯ್ದು ಪ್ರತಿ ಸಸಿಯ ಸುತ್ತ ನಾಲ್ಕು ಬೆರಳು ದಪ್ಪ ಹೊದಿಸುತ್ತೇವೆ, ಗೆದ್ದಲು ಏರದಂತೆ ಕಾಂಡದ ಸುತ್ತ ಒಂದು ಗೇಣು ಜಾಗ ಖಾಲಿ ಬಿಡುತ್ತೇವೆ. ಹೊದಿಕೆ ಇದ್ದರೆ ಜನವರಿಯಿಂದ ಮಾರ್ಚ್‌ವರೆಗೆ ಹದಿನೈದು ದಿನಕ್ಕೊಮ್ಮೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ವಾರಕ್ಕೊಮ್ಮೆ ನೀರು ಸಾಕೆಂದು ಹಿರಿಯರು ಹೇಳಿದ್ದಾರೆ. ಅಡ್ಡಮಳೆ ಚೆನ್ನಾಗಿ ಸುರಿದ ವಾರ ಬಿಡಬಹುದು. ಅದನ್ನು ತಿಳಿಯಲು ಹೊದಿಕೆ ಸರಿಸಿ ಬೆರಳಿನ ಎರಡು ಗೆಣ್ಣು ಆಳಕ್ಕೆ ಮಣ್ಣು ಕೆದಕಿ ನೋಡಬೇಕು, ಮೇಲ್ಮೈ ಒದ್ದೆಯಾದದ್ದನ್ನು ನಂಬಬಾರದು. ಗುಡ್ಡದ ಬುಡದಲ್ಲಿ 500 ಲೀಟರಿನ ಎರಡು ಡ್ರಮ್ಮುಗಳನ್ನು ಇಡುತ್ತೇವೆ, 96 ಸಸಿಗೆ ಒಂದು ಸುತ್ತಿಗೆ 960 ಲೀಟರ್ ಬೇಕು. ಹನ್ನೆರಡು ಜನರಿದ್ದರೆ ತಲಾ ಎಂಟು ಸಸಿ.

ಜನವರಿಯಿಂದ ಏಪ್ರಿಲ್ ಕೊನೆಯವರೆಗಿನ ಭಾನುವಾರಗಳಿಗೆ ವಿದ್ಯಾರ್ಥಿಗಳ ಹೆಸರುಗಳು ಬಂದಿವೆ. ಮೇ ತಿಂಗಳ ನಾಲ್ಕು ಭಾನುವಾರಗಳಿಗೆ ಈವರೆಗೆ ಬಂದಿರುವುದು ಊರಿನಲ್ಲಿಯೇ ಉಳಿಯುವ ಐವರ ಹೆಸರು.

ಗುಡ್ಡದ ಬುಡದ ಓಣಿಯ ನಿವಾಸಿ

ಮೇ ತಿಂಗಳ ಮೊದಲ ಎರಡು ಭಾನುವಾರಗಳಿಗೆ ನಮ್ಮ ಓಣಿಯ ಸ್ತ್ರೀಶಕ್ತಿ ಗುಂಪಿನಿಂದ ಏಳು ಜನ ಬರುತ್ತೇವೆ, ನಿಮ್ಮ ಐವರೊಂದಿಗೆ ಹನ್ನೆರಡಾಗುತ್ತದೆ. ಕೊಡಗಳನ್ನು ನಾವೇ ತರುತ್ತೇವೆ. ಡ್ರಮ್ಮಿಗೆ ನೀರು ಶನಿವಾರ ರಾತ್ರಿಯೇ ತುಂಬಿರಬೇಕು, ಏಕೆಂದರೆ ಆ ದಿನಗಳಲ್ಲಿ ನಮ್ಮ ನಲ್ಲಿಗೆ ನೀರು ಬರುವ ದಿನ ಯಾವುದೆಂದು ಹೇಳಲಾಗುವುದಿಲ್ಲ. ಮೂರನೇ ಮತ್ತು ನಾಲ್ಕನೇ ಭಾನುವಾರ ಮದುವೆಗಳಿವೆ, ಈಗಲೇ ಮಾತು ಕೊಡಲಾರೆವು.

ಹಕ್ಕಿ ನೋಡುವ ಹಳೆಯ ವಿದ್ಯಾರ್ಥಿ

ಮೂರನೇ ಭಾನುವಾರಕ್ಕೆ ನನ್ನ ಹೆಸರನ್ನೂ ತಮ್ಮನ ಹೆಸರನ್ನೂ ಬರೆದುಕೊಳ್ಳಿ.

ಪರಿಸರ ಸಂಘದ ಸಂಚಾಲಕಿ

ಬರೆದುಕೊಂಡೆವು, ಧನ್ಯವಾದಗಳು. ಡ್ರಮ್ಮುಗಳನ್ನು ಶನಿವಾರ ಸಂಜೆ ತುಂಬಿಸುವ ಹೊಣೆ ಸಂಘದ್ದು. ಇಂದಿನವರೆಗಿನ ಸ್ಥಿತಿ ಹೀಗಿದೆ: 96 ಗುಂಡಿಗಳಿಗೆ ಈಗ ಇಪ್ಪತ್ತನಾಲ್ಕು ಜನ ಸಾಕು, ಅದರಲ್ಲಿ ಮೊದಲ ಶನಿವಾರಕ್ಕೆ ಇಪ್ಪತ್ತೆರಡು, ಎರಡನೆಯದಕ್ಕೆ ಹದಿನೇಳು ಜನರಾಗಿದ್ದಾರೆ. ನೆಡುವ ಎರಡೂ ಪಾಳಿಗಳು ತುಂಬಿವೆ, ದಯವಿಟ್ಟು ಅವುಗಳಿಗೆ ಇನ್ನು ಹೆಸರು ಕೊಡಬೇಡಿ. ಮುಳ್ಳು ಕಟ್ಟಲು ಇನ್ನೂ ಮೂವರು ಬೇಕು. ಮೇ ತಿಂಗಳ ಮೂರನೇ ಭಾನುವಾರಕ್ಕೆ ಐವರು, ನಾಲ್ಕನೆಯದಕ್ಕೆ ಏಳು ಜನರು ಬೇಕಾಗಿದ್ದಾರೆ.